ರೋಗಿ ‘ಇಲ್ಲ’ ಅಂದ ಮೇಲೆ ಏನು?

ಎರಡು ಬದಿಯ ಒಂದು ಹಾಳೆಯ ಮೇಲೆ ಇಷ್ಟುದ್ದ ವಿಮರ್ಶೆ ಬೇಕಾ ಅಂತ ನಿಮಗೆ ಅನ್ನಿಸಬಹುದು. ನನಗೂ ಮೊದಲು ಹಾಗೇ ಅನ್ನಿಸಿತ್ತು. ಹೈಸ್ಕೂಲಿನಲ್ಲಿ ನನ್ನ ಬೆಂಚಿನಲ್ಲೇ ಕೂರುತ್ತಿದ್ದ ಗೆಳೆಯ ಈಗ ನಮ್ಮ ತಾಲೂಕಿನಲ್ಲಿ ಕ್ಲಿನಿಕ್ ಇಟ್ಟಿದ್ದಾನೆ. ಯಾವುದೋ ತರಬೇತಿಗೆ ಹೋಗಿದ್ದಾಗ ಅವನ ಕೈಗೆ ಈ ಹಾಳೆ ಕೊಟ್ಟಿದ್ದಾರೆ. ಬೀಡಿ, ಗುಟ್ಕಾ, ಹೆಂಡ ಬಿಡಲು ಮನಸ್ಸಿಲ್ಲದ ರೋಗಿಯ ಜೊತೆ ಸಾಮಾನ್ಯ ವೈದ್ಯರು ಹೇಗೆ ಮಾತಾಡಬೇಕು ಅನ್ನೋದು ವಿಷಯ. ಅದರ ಕನ್ನಡ ಆವೃತ್ತಿ ಹಳೇ ನುಡಿ ಫಾಂಟಿನಲ್ಲಿತ್ತು, ಫೋನಿನಲ್ಲಿ ತೆರೆದರೆ ಅಕ್ಷರವೆಲ್ಲ ಚೆಲ್ಲಾಪಿಲ್ಲಿ. “ಲೋ, ಇದನ್ನ ಯೂನಿಕೋಡ್ ಮಾಡಿಕೊಡೋ, ಟೇಬಲ್ ಮೇಲೆ ಗಾಜಿನ ಕೆಳಗೆ ಇಟ್ಕೋತೀನಿ” ಅಂತ ಕಳಿಸಿದ. ಅಕ್ಷರ ಸರಿಮಾಡಲು ಕೂತವನು ಓದಿದೆ. ಓದಿದ ಮೇಲೆ ಅಕ್ಷರವಷ್ಟೇ ಸರಿಮಾಡಿ ವಾಪಸ್ ಕಳಿಸಲು ಮನಸ್ಸಾಗಲಿಲ್ಲ.

ಹಾಳೆ ಯಾರದ್ದು ಅಂತ ಇಲ್ಲಿ ಹೇಳಲ್ಲ. ಅದರ ದೋಷಗಳು ಒಂದು ಸಂಸ್ಥೆಯವಲ್ಲ, ಈ ಜಾತಿಯ ಹಾಳೆಗಳಿಗೆಲ್ಲ ಸಾಮಾನ್ಯವಾದವು.

ಮೊದಲು ಅದರಲ್ಲಿ ಏನಿದೆ ಅಂತ ನೋಡೋಣ. ಮುಂದಿನ ಬದಿಯಲ್ಲಿ ನಾಲ್ಕು ಸಲಕರಣೆಗಳಿವೆ: ಮುಕ್ತ ಪ್ರಶ್ನೆ, ಮೆಚ್ಚುಗೆ, ಪ್ರತಿಫಲನ, ಸಾರಾಂಶ. ಕೆಳಗೆ ಡಾಕ್ಟರ್ ಮತ್ತು ರೋಗಿಯ ನಡುವಿನ ಒಂದು ಮಾದರಿ ಸಂಭಾಷಣೆ. ಹಿಂದಿನ ಬದಿಯಲ್ಲಿ 0ಯಿಂದ 10ರವರೆಗಿನ ಒಂದು ಅಳತೆಪಟ್ಟಿ. ಅದರ ಕೆಳಗೆ ಬಾಣದ ಗುರುತಿನ ಒಂದು ಚಿತ್ರ. “ಬಿಡಲು ಸಿದ್ಧರಿದ್ದಾರೆಯೇ?” ಅಂತ ಒಂದು ಚೌಕ. ‘ಹೌದು’ ಅಂದರೆ ದೊಡ್ಡ ಪೆಟ್ಟಿಗೆ, ಅದರೊಳಗೆ ಆರು ಸಾಲು: ಬಿಡುವ ದಿನ ಗೊತ್ತುಮಾಡಿ, ಮನೆಯವರಿಗೆ ತಿಳಿಸಲು ಹೇಳಿ, ಇತ್ಯಾದಿ. ‘ಇಲ್ಲ’ ಅಂದರೆ ಚಿಕ್ಕ ಪೆಟ್ಟಿಗೆ, ಅದರೊಳಗೆ ಒಂದೇ ಸಾಲು: “ಮುಂದಿನ ಭೇಟಿಯಲ್ಲಿ ಮತ್ತೊಮ್ಮೆ ವಿಚಾರಿಸಿ.”

ಹಾಳೆಯ ತಲೆಬರಹದಲ್ಲಿರೋದು ‘ಮನಸ್ಸಿಲ್ಲದ ರೋಗಿ’. ಆದರೆ ಮನಸ್ಸಿಲ್ಲದ ರೋಗಿಗೆ ಸಿಕ್ಕಿರೋದು ಒಂದು ಸಾಲು. ಸಾಫ್ಟ್‌ವೇರ್ ಬರೆಯುವವರಿಗೆ ಈ ತಪ್ಪು ಹೊಸದಲ್ಲ. ಎಲ್ಲ ಸರಿಯಾಗಿ ನಡೆದಾಗ ಏನಾಗಬೇಕು ಅನ್ನೋದನ್ನ ಚೆನ್ನಾಗಿ ಬರೆದು, ಕೆಟ್ಟಾಗ ಏನು ಅನ್ನೋ ಕಡೆ ‘ಆಮೇಲೆ ನೋಡೋಣ’ ಅಂತ ಬಿಟ್ಟುಬಿಡೋದು ನಮ್ಮ ದಿನನಿತ್ಯದ ಪಾಪ. ಇಲ್ಲಿ ಆ ‘ಆಮೇಲೆ ನೋಡೋಣ’ ಜಾಗದಲ್ಲೇ ಒಬ್ಬ ಮನುಷ್ಯ ಕೂತಿದ್ದಾನೆ.

ಹಾಳೆಯ ಹಿಂದಿರುವ ವಿಚಾರ ಮಾತ್ರ ಗಟ್ಟಿಯಾದದ್ದು. ಅದಕ್ಕೆ ಇಂಗ್ಲಿಷಿನಲ್ಲಿ ಮೋಟಿವೇಶನಲ್ ಇಂಟರ್‌ವ್ಯೂಯಿಂಗ್ ಅಂತಾರೆ. ವಿಲಿಯಂ ಮಿಲ್ಲರ್ ಅನ್ನೋ ಅಮೆರಿಕದ ಮನಶ್ಶಾಸ್ತ್ರಜ್ಞ 1982ರಲ್ಲಿ ನಾರ್ವೆಯ ಬರ್ಗನ್ ಊರಿನ ಕಡೆ ಇದ್ದಾಗ, ಕುಡಿತದ ಚಿಕಿತ್ಸೆ ಮಾಡುವ ಅಲ್ಲಿನ ತರುಣ ಮನಶ್ಶಾಸ್ತ್ರಜ್ಞರ ಜೊತೆ ಅಭ್ಯಾಸ ಮಾಡಿಸುತ್ತಿದ್ದರು. ಆ ತರುಣರು ರೋಗಿಯ ಪಾತ್ರ ಮಾಡೋರು, ಮಿಲ್ಲರ್ ಚಿಕಿತ್ಸಕನ ಪಾತ್ರ. ನಡುನಡುವೆ ಅವರು ತಡೆದು, ಈ ಮಾತು ಯಾಕೆ ಆಡಿದಿರಿ, ಆ ಪ್ರಶ್ನೆ ಯಾಕೆ ಕೇಳಿದಿರಿ ಅಂತ ವಿಚಾರಿಸೋರು. ಉತ್ತರ ಹೇಳಹೇಳುತ್ತಾ ಮಿಲ್ಲರ್‌ಗೆ ತಾವು ಮಾಡುತ್ತಿರೋದು ಏನು ಅನ್ನೋದು ಸ್ಪಷ್ಟವಾಗುತ್ತಾ ಹೋಯಿತು. 1983ರಲ್ಲಿ ಅದನ್ನು ಲೇಖನ ಮಾಡಿದರು. 1991ರಲ್ಲಿ ಸ್ಟೀಫನ್ ರೋಲ್ನಿಕ್ ಜೊತೆ ಪುಸ್ತಕವಾಯಿತು.

ತಿರುಳು ಇಷ್ಟೇ. ಕುಡಿಯುವವನ ಮನಸ್ಸು ಒಂದೇ ಕಡೆ ಇರೋದಿಲ್ಲ. ಬಿಡಬೇಕು ಅನ್ನೋ ಮಾತೂ ಬೇಡ ಅನ್ನೋ ಮಾತೂ ಅವನೊಳಗೇ ಇರುತ್ತವೆ. ಡಾಕ್ಟರ್ ‘ಬಿಡು’ ಅನ್ನೋ ಕಡೆ ನಿಂತು ವಾದ ಮಾಡಿದರೆ ಅವನಿಗೆ ಉಳಿಯೋದು ‘ಬೇಡ’ ಅನ್ನೋ ಕಡೆ ಮಾತ್ರ. ಅಲ್ಲಿ ನಿಂತು ವಾದಿಸುತ್ತಾ ವಾದಿಸುತ್ತಾ ತನ್ನ ಮಾತಿಗೆ ತಾನೇ ಒಪ್ಪಿಬಿಡುತ್ತಾನೆ. ಆದ್ದರಿಂದ ಬಿಡೋ ಪರವಾದ ಮಾತು ರೋಗಿಯ ಬಾಯಿಂದಲೇ ಬರುವ ಹಾಗೆ ಮಾಡಬೇಕು, ಬಂದಾಗ ಗುರುತು ಹಿಡಿಯಬೇಕು, ಅದನ್ನು ಬೆಳೆಸಬೇಕು. ತಪ್ಪು ಕಂಡ ಕೂಡಲೇ ತಿದ್ದಿಬಿಡೋಣ ಅನ್ನೋ ಡಾಕ್ಟರರ ಚಪಲವನ್ನು ತಡೆಹಿಡಿಯೋದೇ ಇದರಲ್ಲಿ ಕಷ್ಟದ ಭಾಗ.

ಹಾಳೆಯಲ್ಲಿ ಇದಕ್ಕೆ ‘ಪ್ರೇರಣಾತ್ಮಕ ಸಂದರ್ಶನ’ ಅಂತ ಹೆಸರು. ಗೆಳೆಯ ನಕ್ಕ: “ರೋಗಿ ಬಯೋಡೇಟಾ ತರಬೇಕೇನೋ.” ಹೆಸರು ಹೋಗಲಿ ಬಿಡಿ. ಒಳಗಿನ ಕನ್ನಡದ್ದೇ ಒಂದು ಕಥೆ ಇದೆ, ಅದಕ್ಕೆ ಬರ್ತೀನಿ.

ಹಬ್ಬಕ್ಕೆ ಊರಿಗೆ ಹೋದಾಗ ಒಂದು ಸಂಜೆ ಕ್ಲಿನಿಕ್ ಮುಚ್ಚಿದ ಮೇಲೆ ನಾವಿಬ್ಬರೂ ಮಿಲ್ಲರ್ ಮಾಡಿದ ಹಾಗೇ ಮಾಡಿದೆವು. ಅವನು ಡಾಕ್ಟರ್, ಅದು ಹೇಗೂ ಇದ್ದದ್ದೇ. ನಾನು ರೋಗಿ. ವಯಸ್ಸು 46, ಗಾರೆ ಕೆಲಸ, ಎದೆಯುರಿ ಅಂತ ಬಂದವನು, ಬಿಪಿ ನೋಡಿದರೆ 160/100. ಮಾತು ಹೇಗಿರಬೇಕು ಅಂತ ನಾನು ಯೋಚಿಸಬೇಕಾಗಿರಲಿಲ್ಲ. ನಮ್ಮ ಚಿಕ್ಕಪ್ಪ ಡಾಕ್ಟರ ಮುಂದೆ ಹೇಗೆ ಮಾತಾಡ್ತಿದ್ದರೋ ಹಾಗೇ ಮಾತಾಡಿದೆ.

ಮೊದಲ ಸಲ ಹಾಳೆಯಲ್ಲಿರುವ ಹಾಗೇ ಓದಿದ.

“ನೀವು ತಂಬಾಕು ಉತ್ಪನ್ನಗಳನ್ನು ಬಳಸುತ್ತೀರಾ?”

“ಇಲ್ಲ ಸಾರ್.”

“ಮದ್ಯಪಾನ ಮಾಡುತ್ತೀರಾ? ದಿನಕ್ಕೆ ಎಷ್ಟು?”

“ಯಾವಾಗ್ಲೋ ಒಂದು ಸಾರ್.”

“ನಿಮಗೆ ಬಿಡಲು ಇಷ್ಟವಿಲ್ಲವಾ?”

“ಹಂಗೇನಿಲ್ಲ ಸಾರ್. ಬಿಡ್ತೀನಿ ಬಿಡಿ.”

ಮುಗಿಯಿತು. ಬಾಣದ ಚಿತ್ರದ ಪ್ರಕಾರ ನಾನು ‘ಹೌದು’ ಪೆಟ್ಟಿಗೆಗೆ ಬಂದುಬಿಟ್ಟೆ. ಡಾಕ್ಟರ್ ದಿನ ಗೊತ್ತುಮಾಡಬೇಕು. ನಾನು ‘ಆಯ್ತು ಸಾರ್, ಸೋಮವಾರ’ ಅಂತ ಎದ್ದು ಹೋಗಬೇಕು. ಕಾಗದದ ಮೇಲೆ ಇದು ಯಶಸ್ಸು. ಆದರೆ ಈ ನಾಲ್ಕೇ ಮಾತಿನಲ್ಲಿ ಮೂರು ಸುಳ್ಳು ಹೋಗಿವೆ, ಒಂದನ್ನೂ ನಾನು ಬೇಕಂತ ಹೇಳಿದ್ದಲ್ಲ.

ಮೊದಲನೆಯದು ತಂಬಾಕು. ನಮ್ಮ ಚಿಕ್ಕಪ್ಪ ದಿನಕ್ಕೆ ಎಂಟು ಹತ್ತು ಸಲ ಎಲೆಯಡಿಕೆ ಹಾಕುತ್ತಾರೆ, ಜೊತೆಗೆ ಹೊಗೆಸೊಪ್ಪು. ಅವರ ಲೆಕ್ಕದಲ್ಲಿ ಅದು ಎಲೆಯಡಿಕೆ, ತಂಬಾಕು ಅಲ್ಲ. ತಂಬಾಕು ಅಂದರೆ ಬೀಡಿ ಸಿಗರೇಟು. ಇನ್ನು ನಮ್ಮ ರಾಜ್ಯದಲ್ಲಿ 2013ರಲ್ಲಿ ಗುಟ್ಕಾ ನಿಷೇಧವಾದ ಮೇಲೆ ಪಾನ್ ಮಸಾಲಾ ಒಂದು ಪೊಟ್ಟಣ, ತಂಬಾಕು ಇನ್ನೊಂದು ಪೊಟ್ಟಣ ಅಂತ ಜೋಡಿಯಾಗಿ ಮಾರುತ್ತಾರೆ. ಕೊಂಡವನು ಎರಡನ್ನೂ ಬೆರೆಸಿ ಬಾಯಿಗೆ ಹಾಕಿಕೊಂಡು ‘ಗುಟ್ಕಾ ಬಿಟ್ಟೆ ಸಾರ್’ ಅಂತಾನೆ. ಸುಳ್ಳಲ್ಲ ಅದು. 2016–17ರ ರಾಷ್ಟ್ರೀಯ ತಂಬಾಕು ಸಮೀಕ್ಷೆಯ ಪ್ರಕಾರ ನಮ್ಮ ದೇಶದ ವಯಸ್ಕರಲ್ಲಿ ಹೊಗೆ ಸೇದುವವರು ಶೇ. 10.7, ಹೊಗೆಯಿಲ್ಲದ ತಂಬಾಕು ಬಳಸುವವರು ಶೇ. 21.4, ಅಂದರೆ ಇಮ್ಮಡಿ. ಹಾಳೆಯ ಮೇಲಿರುವ ಚಿತ್ರ ಮಾತ್ರ ಮುರಿದ ಸಿಗರೇಟಿನದು. ಗೆಳೆಯ ತನ್ನ ಟೇಬಲ್ಲಿನಲ್ಲಿ ಕೇಳೋದೇ ಬೇರೆ: “ಎಲೆಯಡಿಕೆ ಹಾಕ್ತೀರಾ? ಅದಕ್ಕೆ ಏನೇನು ಸೇರಿಸ್ತೀರಾ?” ಅವನು ಕಲಿತದ್ದನ್ನು ಹಾಳೆ ಬರೆದವರು ಕಲಿತಿಲ್ಲ.

ಎರಡನೆಯದು ‘ಒಂದು’. ಹಾಳೆಯಲ್ಲಿ “ದಿನಕ್ಕೆ ಎಷ್ಟು ಡ್ರಿಂಕ್” ಅಂತ ಕೇಳಿ, ಆರಕ್ಕಿಂತ ಹೆಚ್ಚಾದರೆ ಅಪಾಯ ಅಂತ ಇದೆ. ಇದು ವಿಶ್ವ ಆರೋಗ್ಯ ಸಂಸ್ಥೆಯ ಆಡಿಟ್ ಅನ್ನೋ ಹತ್ತು ಪ್ರಶ್ನೆಗಳ ಪಟ್ಟಿಯಿಂದ ಬಂದ ಮಾತು. ಅದರ ಮೂರನೇ ಪ್ರಶ್ನೆ, ಒಂದೇ ಸಲಕ್ಕೆ ಆರು ಅಥವಾ ಹೆಚ್ಚು ಡ್ರಿಂಕ್ ಎಷ್ಟು ಸಾರಿ ಕುಡಿಯುತ್ತೀರಿ ಅಂತ. ಆದರೆ ಅಲ್ಲಿ ಡ್ರಿಂಕ್ ಅಂದರೆ ಒಂದು ಅಳತೆ: 10 ಗ್ರಾಂ ಶುದ್ಧ ಆಲ್ಕೋಹಾಲ್. ನಮ್ಮೂರಿನಲ್ಲಿ ‘ಒಂದು’ ಅಂದರೆ ಒಂದು ಕ್ವಾರ್ಟರ್. ಲೆಕ್ಕ ಹಾಕಿ ನೋಡಿ. ಕ್ವಾರ್ಟರ್ 180 ಎಂಎಲ್. ಬಾಟಲಿ ಮೇಲೆ ಸಾಮಾನ್ಯವಾಗಿ ಶೇ. 42.8 ಅಂತ ಇರುತ್ತದೆ, ಅಂದರೆ 77 ಎಂಎಲ್ ಶುದ್ಧ ಆಲ್ಕೋಹಾಲ್. ಆಲ್ಕೋಹಾಲ್ ನೀರಿಗಿಂತ ಹಗುರ, ಒಂದು ಎಂಎಲ್‌ಗೆ 0.79 ಗ್ರಾಂ. ಒಟ್ಟು ಸುಮಾರು 61 ಗ್ರಾಂ, ಅಂದರೆ ಆರು ಡ್ರಿಂಕ್. ‘ನೈಂಟಿ’ ಅನ್ನೋ 90 ಎಂಎಲ್ ಪ್ಯಾಕೆಟ್ಟಿನಲ್ಲಿ ಮೂರು. ರೋಗಿ ‘ಒಂದು’ ಅಂದ, ಡಾಕ್ಟರ್ ಒಂದು ಅಂತ ಬರೆದುಕೊಂಡರು, ಆದರೆ ಅವನು ಆಗಲೇ ಅಪಾಯದ ಗೆರೆ ಮೇಲೆ ನಿಂತಿದ್ದಾನೆ. ಹಾಳೆಯಲ್ಲಿ ಕ್ವಾರ್ಟರ್, ನೈಂಟಿ ಅನ್ನೋ ಪದಗಳೇ ಇಲ್ಲ. ಮರ್ಯಾದೆಯ ಪದಗಳಲ್ಲ ಅಂತ ಬಿಟ್ಟರೋ ಏನೋ. ಆದರೆ ಅಳತೆ ಇರೋದು ಆ ಪದಗಳಲ್ಲೇ.

ಮೂರನೆಯದು ‘ಬಿಡ್ತೀನಿ ಬಿಡಿ’. ಇದು ಕನ್ನಡದ ಕಥೆ ಅಂದೆನಲ್ಲ, ಅದು.

ಪ್ರತಿಫಲನ ಅಂದರೆ ರೋಗಿ ಹೇಳಿದ್ದರ ಅರ್ಥವನ್ನು ಅವನಿಗೇ ವಾಪಸ್ ಹೇಳೋದು. ಅದು ಪ್ರಶ್ನೆಯಾಗಿರಬಾರದು, ಹೇಳಿಕೆಯಾಗಿರಬೇಕು ಅಂತ ಮಿಲ್ಲರ್ ಮತ್ತು ರೋಲ್ನಿಕ್ ಒತ್ತಿ ಹೇಳುತ್ತಾರೆ. ಇಂಗ್ಲಿಷಿನಲ್ಲಿ ಅದೇ ಪದಗಳನ್ನು ಇಟ್ಟುಕೊಂಡು ಕೊನೆಯಲ್ಲಿ ದನಿ ಇಳಿಸಿದರೆ ಸಾಕು, ಪ್ರಶ್ನೆ ಹೇಳಿಕೆಯಾಗುತ್ತದೆ. ಕನ್ನಡದಲ್ಲಿ ಪ್ರಶ್ನೆ ಅಂಟಿಕೊಳ್ಳೋದು ಪದದ ಬಾಲಕ್ಕೆ. “ಬಿಡಲು ಇಷ್ಟವಿಲ್ಲವಾ?” ಅನ್ನೋದರಲ್ಲಿ ಆ ಕೊನೆಯ ‘ಆ’ ಇದೆಯಲ್ಲ, ಅದೇ ಎಲ್ಲ ಕೆಡಿಸೋದು. ಅದು ಕಿವಿಗೆ ಬಿದ್ದ ಕೂಡಲೇ ನಮ್ಮೂರಿನ ಮನುಷ್ಯನಿಗೆ ಮೇಷ್ಟ್ರು ನೆನಪಾಗುತ್ತಾರೆ. ‘ಓದಲು ಇಷ್ಟವಿಲ್ಲವಾ?’ ಅನ್ನೋದಕ್ಕೆ ಯಾರಾದರೂ ‘ಹೌದು, ಇಲ್ಲ’ ಅಂದಿದ್ದುಂಟಾ? ‘ಹಂಗೇನಿಲ್ಲ ಸಾರ್’ ಅಂತ ತಪ್ಪಿಸಿಕೊಳ್ಳೋದೊಂದೇ ದಾರಿ. ಹಾಳೆಯಲ್ಲಿರುವ ಐದು ಪ್ರತಿಫಲನಗಳಲ್ಲಿ ಐದೂ ಈ ‘ಆ’ದಲ್ಲೇ ಮುಗಿಯುತ್ತವೆ. ಅನುವಾದ ಮಾಡಿದವರು ಇಂಗ್ಲಿಷ್ ವಾಕ್ಯವನ್ನು ಸರಿಯಾಗಿಯೇ ಓದಿದ್ದಾರೆ, ಕನ್ನಡ ವಾಕ್ಯವನ್ನು ಜೋರಾಗಿ ಓದಿ ನೋಡಿಲ್ಲ.

ಎರಡನೇ ಸಲ ನಾವು ಹಾಳೆ ಪಕ್ಕಕ್ಕಿಟ್ಟೆವು. ಅದರ ವಿಚಾರ ಮಾತ್ರ ಇಟ್ಟುಕೊಂಡೆವು.

“ಯಜಮಾನ್ರೇ, ಈ ಎದೆಯುರಿ, ಬಿಪಿ ಎರಡಕ್ಕೂ ಸಂಬಂಧ ಇರೋದ್ರಿಂದ ಕೇಳ್ತಿದೀನಿ. ಕೆಲಸದಿಂದ ಬಂದ ಮೇಲೆ ಸ್ವಲ್ಪ ತಗೊಳ್ಳೋ ಅಭ್ಯಾಸ ಇದ್ಯಾ? ನೈಂಟಿನಾ, ಕ್ವಾರ್ಟರ್ರಾ?”

“ಕ್ವಾರ್ಟರ್ ಸಾರ್. ಮೈಕೈ ನೋವು ತಡೆಯಕ್ಕಾಗಲ್ಲ. ಹಾಕ್ಕೊಂಡ್ರೆ ನಿದ್ದೆ ಬರ್ತದೆ. ನೀವು ಬಿಡು ಅಂತೀರಾ, ಗೊತ್ತು. ಬಿಡಕ್ಕಾಗಲ್ಲ.”

ಇಲ್ಲೇ ಆ ಚಿಕ್ಕ ಪೆಟ್ಟಿಗೆ. ‘ಇಲ್ಲ’ ಅಂದಾಯ್ತು. ಗೆಳೆಯ ತಿದ್ದಲು ಹೋಗಲಿಲ್ಲ.

“ಬಿಡೋ ಮಾತೇ ಬೇಡ ಅನ್ನಿಸಿದೆ. ದಿನವೆಲ್ಲ ಇಟ್ಟಿಗೆ ಹೊತ್ತು ಬಂದವ್ರಿಗೆ ನಿದ್ದೆ ಬೇಕೇ ಬೇಕು.”

‘ಆ’ ಇಲ್ಲ. ಪ್ರಶ್ನೆ ಇಲ್ಲ. ನಾನು ಎದುರಾಡಲು ಸಿದ್ಧನಾಗಿ ಕೂತಿದ್ದೆ, ಎದುರಿಗೆ ಗೋಡೆಯೇ ಇರಲಿಲ್ಲ. ಸುಮ್ಮನಿದ್ದು ಆಮೇಲೆ ನನ್ನ ಬಾಯಿಂದ ಬಂದದ್ದು ನಾನು ಮೊದಲೇ ಯೋಚಿಸಿದ್ದಲ್ಲ:

“ನಿದ್ದೆ ಅಂದ್ರೆ ಹಂಗೇನೂ ಇಲ್ಲ ಸಾರ್. ಎರಡು ಗಂಟೆಗೆ ಎಚ್ಚರ ಆಗೋಯ್ತದೆ. ಆಮೇಲೆ ಬೆಳಗಿನವರೆಗೂ ಹೊರಳಾಡೋದೇ.”

ಇದೇ ಆ ಮಾತು. ಬಿಡೋ ಪರವಾದ ಮಾತು ಅಂದರೆ ‘ನಾನು ಬಿಡುತ್ತೇನೆ’ ಅನ್ನೋ ಘೋಷಣೆಯೇ ಆಗಬೇಕಿಲ್ಲ, ಹೀಗೆ ಕಾಲು ಬದಲಾಯಿಸಿದಷ್ಟು ಸಣ್ಣದಾಗಿರುತ್ತದೆ. ಗುರುತು ಹಿಡಿಯದಿದ್ದರೆ ಹೋಯಿತು. ಹಾಳೆಯಲ್ಲಿ ಡಾಕ್ಟರ್ ಏನು ಹೇಳಬೇಕು ಅಂತ ಇದೆಯೇ ಹೊರತು, ರೋಗಿಯ ಮಾತಿನಲ್ಲಿ ಏನನ್ನು ಕೇಳಿಸಿಕೊಳ್ಳಬೇಕು ಅಂತ ಒಂದು ಸಾಲೂ ಇಲ್ಲ. ನನ್ನ ಮಟ್ಟಿಗೆ ಅದರ ದೊಡ್ಡ ಕೊರತೆ ಇದು.

ಗೆಳೆಯ ಮುಂದುವರಿಸಿದ: “ನಿದ್ದೆಗೆ ಅಂತ ತಗೊಂಡ್ರೂ ಪೂರ್ತಿ ನಿದ್ದೆ ಸಿಗ್ತಿಲ್ಲ. ಅದರ ಬಗ್ಗೆ ಒಂದು ವಿಷಯ ಹೇಳ್ಲಾ?” ನಾನು ಹೇಳಿ ಅಂದೆ. “ಅದು ಬೇಗ ಮಲಗಿಸುತ್ತೆ ನಿಜ. ಆದ್ರೆ ಮೈಯಿಂದ ಇಳೀತಾ ಬಂದ ಹಾಗೆ ನಿದ್ದೆ ಒಡೆಯುತ್ತೆ. ಎರಡು ಗಂಟೆಗೆ ಎಚ್ಚರ ಆಗೋದು ಅದಕ್ಕೇ. ಇದಕ್ಕೆ ನೀವೇನಂತೀರಾ?” ಮೊದಲು ಅನುಮತಿ, ಆಮೇಲೆ ಒಂದೇ ಒಂದು ವಿಷಯ, ಆಮೇಲೆ ಮತ್ತೆ ಅವನ ಅಭಿಪ್ರಾಯ. ಹಾಳೆಯಲ್ಲಿ ಈ ಜಾಗದಲ್ಲಿ ಲಿವರ್, ಕ್ಯಾನ್ಸರ್, ಸಂಸಾರ, ಹಣ ಅಂತ ಒಂಬತ್ತು ಅಪಾಯಗಳ ಪಟ್ಟಿ ಇದೆ. ನಾನು ಕೇಳಿದ್ದು ನಿದ್ದೆ. ಕ್ಯಾನ್ಸರ್ ಹೇಳಿದ್ದರೆ ಹೂಂ ಹೂಂ ಅಂದುಕೊಂಡು ಗಡಿಯಾರ ನೋಡುತ್ತಿದ್ದೆ.

ಇನ್ನು ಆ ಅಳತೆಪಟ್ಟಿ. ಬಿಡೋದು ನಿಮಗೆ ಎಷ್ಟು ಮುಖ್ಯ, 0ಯಿಂದ 10ರಲ್ಲಿ ಹೇಳಿ ಅನ್ನೋದು ಪ್ರಶ್ನೆ. ರೋಗಿ ಮೂರು ಅಂದರೆ “ಮೂರು ಯಾಕೆ, ಸೊನ್ನೆ ಯಾಕಲ್ಲ?” ಅಂತ ಕೇಳಬೇಕು. ಇದರಲ್ಲಿ ಜಾಣತನ ಇದೆ. “ಹತ್ತು ಯಾಕಲ್ಲ” ಅಂದರೆ ಅವನು ಬಿಡದಿರಲು ಕಾರಣ ಹೇಳುತ್ತಾನೆ. “ಸೊನ್ನೆ ಯಾಕಲ್ಲ” ಅಂದರೆ ಬಿಡಲು ಕಾರಣ ಹೇಳುತ್ತಾನೆ. ಹಾಳೆಯಲ್ಲಿ ಪ್ರಶ್ನೆ ಇದೆ, ಈ ಕಾರಣ ಇಲ್ಲ. ಆದ್ದರಿಂದ ತರಬೇತಿಗೆ ಬಂದಿದ್ದ ಒಬ್ಬರು ಅದು ಅಚ್ಚಿನ ತಪ್ಪು ಅಂತ ತಿಳಿದು ಪೆನ್ನಿನಲ್ಲಿ ‘ಹತ್ತು’ ಅಂತ ತಿದ್ದಿಕೊಂಡರಂತೆ! ಅದೂ ಅಲ್ಲದೆ, ಶಾಲೆಯ ಮಾರ್ಕ್ಸ್ ಬಿಟ್ಟು ಬೇರೆ ಯಾವುದನ್ನೂ ಹತ್ತಕ್ಕೆ ಅಳೆಯದ ಮನುಷ್ಯನಿಗೆ ‘ಸೊನ್ನೆ ಯಾಕಲ್ಲ’ ಅನ್ನೋದು ಬೈದ ಹಾಗೆ ಕೇಳುತ್ತದೆ. ನಮ್ಮಲ್ಲಿ ಮನಸ್ಸನ್ನು ಅಳೆಯಲು ಬೇರೆ ಮಾಪನ ಇದೆ. ಗೆಳೆಯ ಅದನ್ನೇ ತೆಗೆದ.

“ಬಿಡೋಣ ಅಂತ ರೂಪಾಯಿಗೆ ಎಷ್ಟಾಣೆ ಮನಸ್ಸಿದೆ?”

“ಒಂದು ನಾಲ್ಕಾಣೆ ಸಾರ್.”

“ನಾಲ್ಕಾಣೆ ಇದೆ. ಪೂರ್ತಿ ಇಲ್ಲ ಅನ್ನಲಿಲ್ಲ ನೀವು. ಆ ನಾಲ್ಕಾಣೆ ಎಲ್ಲಿಂದ ಬಂತು?”

“ಮಗಳ ಮದುವೆ ಗೊತ್ತಾಗೈತೆ ಸಾರ್. ಬೀಗರ ಮುಂದೆ ಅದೊಂದು…”

ಒಟ್ಟು ಆರೂವರೆ ನಿಮಿಷ ಆಗಿತ್ತು. ಗೆಳೆಯನ ಕ್ಲಿನಿಕ್ಕಿಗೆ ದಿನಕ್ಕೆ ಐವತ್ತು ಜನ ಬರುತ್ತಾರೆ, ಎಲ್ಲರಿಗೂ ಇಷ್ಟು ಹೊತ್ತು ಕೊಡೋಕಾಗಲ್ಲ. ಈ ಪದ್ಧತಿಗೆ ಪವಾಡದ ಶಕ್ತಿ ಏನೂ ಇಲ್ಲ ಅನ್ನೋದೂ ಹೇಳಬೇಕು. ಸಿಗರೇಟಿನ ವಿಷಯದಲ್ಲಿ ನಡೆದ ಅಧ್ಯಯನಗಳನ್ನೆಲ್ಲ ಒಟ್ಟು ಸೇರಿಸಿ ನೋಡಿದವರು, ಡಾಕ್ಟರ್ ಏನೂ ಹೇಳದಿದ್ದಾಗ ನೂರಕ್ಕೆ ಇಬ್ಬರು ಮೂವರು ಬಿಡುವಲ್ಲಿ, ಚುಟುಕಾಗಿ ‘ಬಿಡಿ’ ಅಂದರೂ ಇನ್ನು ಒಬ್ಬರಿಂದ ಮೂವರು ಹೆಚ್ಚಾಗಿ ಬಿಡುತ್ತಾರೆ ಅಂತ ಲೆಕ್ಕ ಕೊಡುತ್ತಾರೆ. ಈ ಪ್ರೇರಣೆಯ ಮಾತುಕತೆ ಅದಕ್ಕಿಂತ ಎಷ್ಟು ಮೇಲು ಅನ್ನೋದಕ್ಕೆ ಸಾಕಷ್ಟು ಪುರಾವೆ ಇನ್ನೂ ಇಲ್ಲ. ಹಾಗಾಗಿ ಸಮಯ ಇಲ್ಲದ ದಿನ ನೇರವಾಗಿ ಒಂದು ಮಾತು ಹೇಳಿ ಕಳಿಸಿದರೂ ತಪ್ಪಲ್ಲ. ಹಾಳೆ ಅದನ್ನು ‘ಹಳೆಯ ಪದ್ಧತಿ’ ಅಂತ ಅಡ್ಡಗೆರೆ ಹಾಕಿ ತೋರಿಸಿರೋದು ಅನ್ಯಾಯ.

ಇಷ್ಟಕ್ಕೇ ಆಗಿದ್ದರೆ ನಾನು ಗೆಳೆಯನಿಗೆ ನಾಲ್ಕು ತಿದ್ದುಪಡಿ ಕಳಿಸಿ ಸುಮ್ಮನಾಗುತ್ತಿದ್ದೆ. ಬರೆಯಬೇಕು ಅನ್ನಿಸಿದ್ದು ‘ಹೌದು’ ಪೆಟ್ಟಿಗೆಯನ್ನು ಎರಡನೇ ಸಲ ಓದಿದಾಗ.

ಅಲ್ಲಿ ತಂಬಾಕು, ಮದ್ಯ ಎರಡಕ್ಕೂ ಒಂದೇ ಬಾಣ. “ಎರಡು ವಾರದೊಳಗೆ ಬಿಡುವ ದಿನ ಗೊತ್ತುಮಾಡಿ. ಆ ದಿನದಿಂದ ಸಂಪೂರ್ಣವಾಗಿ ನಿಲ್ಲಿಸಲು ಹೇಳಿ.” ಈ ಸಾಲು ತಂಬಾಕಿನ ಕೈಪಿಡಿಗಳಿಂದ ಬಂದದ್ದು. ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗಾಗಿ ವಿಶ್ವ ಆರೋಗ್ಯ ಸಂಸ್ಥೆ 2014ರಲ್ಲಿ ತಂದ ತಂಬಾಕಿನ ಕೈಪಿಡಿಯಲ್ಲೂ ಬಿಡುವ ದಿನ ಗೊತ್ತುಮಾಡೋದು ಒಂದು ಮುಖ್ಯ ಹೆಜ್ಜೆ. (ಅದರಲ್ಲಿ ‘ಇಲ್ಲ’ ಅಂದವರಿಗೂ ಬೇರೆಯೇ ಒಂದು ಭಾಗವಿದೆ ಅನ್ನೋದು ಈ ಹಾಳೆಯವರ ಕಣ್ಣಿಗೆ ಬೀಳಲಿಲ್ಲ.) ತಂಬಾಕಿಗೆ ಅದು ಸರಿ. ಬೀಡಿ ಒಮ್ಮೆಲೇ ಬಿಟ್ಟರೆ ಸಿಡುಕು, ತಲೆನೋವು, ನಿದ್ದೆಗೆಡೋದು, ಹಸಿವು ಹೆಚ್ಚೋದು ಆಗಬಹುದು, ಯಾರೂ ಸಾಯೋದಿಲ್ಲ. ದಿನವೂ ಜಾಸ್ತಿ ಕುಡಿಯುವವನ ಮೈ ಹಾಗಲ್ಲ. ವರ್ಷಗಟ್ಟಲೆ ಆಲ್ಕೋಹಾಲ್ ಮಿದುಳನ್ನು ಅದುಮಿ ಹಿಡಿದಿರುತ್ತದೆ. ಅದಕ್ಕೆ ಸರಿಯಾಗಿ ಮಿದುಳು ತನ್ನ ವೇಗ ಹೆಚ್ಚಿಸಿಕೊಂಡಿರುತ್ತದೆ. ಅದುಮಿದ ಕೈ ಒಮ್ಮೆಲೇ ತೆಗೆದರೆ ಆ ವೇಗ ಮಾತ್ರ ಉಳಿಯುತ್ತದೆ. ಕೊನೇ ಗುಟುಕಿನ ನಂತರ ಆರರಿಂದ ಹನ್ನೆರಡು ಗಂಟೆಯೊಳಗೆ ನಡುಕ, ಬೆವರು. ಎರಡು ದಿನದೊಳಗೆ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೇ ದಿನದ ಹೊತ್ತಿಗೆ ಕೆಲವರಿಗೆ ಇಲ್ಲದ್ದು ಕಾಣೋದು, ದಿಕ್ಕು ತಪ್ಪೋದು, ಜ್ವರ ಏರೋದು. ಚಿಕಿತ್ಸೆ ಸಿಗದಿದ್ದರೆ ಇದರಲ್ಲಿ ಜೀವ ಹೋಗುತ್ತದೆ.

ನಮ್ಮ ಚಿಕ್ಕಪ್ಪ ವರ್ಷಕ್ಕೊಮ್ಮೆ ಅಯ್ಯಪ್ಪನ ಮಾಲೆ ಹಾಕುತ್ತಿದ್ದರು. ಆ 48 ದಿನ ಒಂದು ತೊಟ್ಟೂ ಮುಟ್ಟುತ್ತಿರಲಿಲ್ಲ. ಬಿಡಕ್ಕಾಗಲ್ಲ ಅನ್ನೋ ಮನುಷ್ಯನ ಹತ್ತಿರ ಡಾಕ್ಟರ್ ಹಿಡಿದುಕೊಳ್ಳಬಹುದಾದ ಎಳೆ ಇದ್ದರೆ ಅದೇ. ಹಾಳೆಯ ಭಾಷೆಯಲ್ಲಿ ‘ಮೆಚ್ಚುಗೆ’ಗೆ ಅದಕ್ಕಿಂತ ಒಳ್ಳೆ ಜಾಗವಿಲ್ಲ. ಆದರೆ ವರ್ಷ ಕಳೆದಂತೆ ಒಂದು ಕ್ವಾರ್ಟರ್ ಎರಡಾಯಿತು, ಬೆಳಿಗ್ಗೆ ಎದ್ದ ಕೂಡಲೇ ಒಂದು ನೈಂಟಿ ಬೇಕಾಯಿತು. ಆ ವರ್ಷವೂ ಎಂದಿನ ಹಾಗೇ ಮಾಲೆ ಹಾಕಿದರು. ಎರಡನೇ ರಾತ್ರಿ ಫಿಟ್ಸ್ ಬಂತು. ಬಾಯಲ್ಲಿ ನೊರೆ, ನಾಲಿಗೆ ಕಚ್ಚಿಕೊಂಡು ರಕ್ತ. ಟೆಂಪೋದಲ್ಲಿ ಹಾಕಿಕೊಂಡು ಜಿಲ್ಲಾ ಕೇಂದ್ರಕ್ಕೆ ಓಡಿದೆವು. ಬದುಕಿದರು. ವ್ರತದಲ್ಲಿ ಏನೋ ಅಪಚಾರವಾಗಿದೆ ಅಂತ ಮನೆಯವರು ಅಂದುಕೊಂಡರು. ಚಿಕ್ಕಪ್ಪ ಅಂದುಕೊಂಡದ್ದು ಬೇರೆ: “ಬಿಟ್ಟಿದ್ದಕ್ಕೇ ಹಿಂಗಾಯ್ತು.” ಅವತ್ತಿನಿಂದ ಬಿಡೋ ಮಾತೆತ್ತಿದರೆ ಅವರದ್ದು ಇದೊಂದೇ ಉತ್ತರ. ಕಷ್ಟ ಏನೆಂದರೆ, ಅವರು ಹೇಳಿದ್ದು ಅರ್ಧ ನಿಜ.

ಹಾಳೆಯನ್ನು ನಂಬಿ ಒಬ್ಬ ಒಳ್ಳೆ ಡಾಕ್ಟರ್ ಚೆನ್ನಾಗಿ ಮಾತಾಡಿ, ರೋಗಿಯ ಮನಸ್ಸು ನಿಜವಾಗಿಯೂ ತಿರುಗಿ, ಸೋಮವಾರದಿಂದ ಪೂರ್ತಿ ನಿಲ್ಲಿಸಿದ ಅಂತಿಟ್ಟುಕೊಳ್ಳಿ. ಬುಧವಾರ ಅವನಿಗೆ ಫಿಟ್ಸ್ ಬಂದರೆ? ಮಾತುಕತೆ ಎಷ್ಟು ಚೆನ್ನಾಗಿ ನಡೆದಿರುತ್ತದೋ ಅಪಾಯವೂ ಅಷ್ಟೇ ಹತ್ತಿರ. ಅವನು ಬದುಕಿದರೂ ಊರಿಗೆಲ್ಲ ಹೇಳೋದು ನಮ್ಮ ಚಿಕ್ಕಪ್ಪ ಹೇಳಿದ್ದನ್ನೇ.

ಇದನ್ನು ತಪ್ಪಿಸಲು ಬೇಕಾದದ್ದು ಮೂರು ಪ್ರಶ್ನೆ. ಬೆಳಿಗ್ಗೆ ಎದ್ದಾಗ ಕೈ ನಡುಗುತ್ತಾ? ಬೆಳಿಗ್ಗೆಯೇ ಸ್ವಲ್ಪ ಹಾಕಿದರೆ ಸರಿಹೋಗುತ್ತಾ? ಹಿಂದೆ ಬಿಟ್ಟಾಗ ಫಿಟ್ಸ್ ಬಂದಿತ್ತಾ, ಏನೇನೋ ಕಂಡಿತ್ತಾ? ಒಂದಕ್ಕೆ ಹೌದು ಅಂದರೂ ‘ಇವತ್ತೇ ನಿಲ್ಲಿಸಿ’ ಅನ್ನಬಾರದು. “ನೀವಾಗೇ ನಿಲ್ಲಿಸಬೇಡಿ, ನಾನು ಹೇಳೋ ಕಡೆ ಹೋಗಿ ಔಷಧಿ ಜೊತೆಗೇ ನಿಲ್ಲಿಸಿ” ಅನ್ನಬೇಕು. ಅಲ್ಲಿ ನಡುಕ ತಡೆಯುವ ಔಷಧಿಯನ್ನು ಕೆಲವು ದಿನ ಕೊಟ್ಟು ಇಳಿಸುತ್ತಾ ಬರುತ್ತಾರೆ, ಥಯಾಮಿನ್ ಅಂದರೆ ಬಿ1 ವಿಟಮಿನ್ ಕೊಡುತ್ತಾರೆ. ಗೆಳೆಯ ಒಂದು ಮಾತು ಸೇರಿಸಿದ: ಇಂಥ ರೋಗಿ ಸುಸ್ತು ಅಂತ ಬಂದರೆ ಎಲ್ಲರೂ ಮೊದಲು ಗ್ಲೂಕೋಸ್ ಬಾಟಲಿ ಹಾಕುತ್ತಾರೆ, ಥಯಾಮಿನ್ ಅದಕ್ಕೂ ಮೊದಲು ಹೋಗಬೇಕು, ಇಲ್ಲದಿದ್ದರೆ ಮಿದುಳಿಗೆ ಪೆಟ್ಟಾಗಬಹುದು. ಇದು ನನಗೆ ಗೊತ್ತಿರಲಿಲ್ಲ. ಡಾಕ್ಟರಿಗೆ ಗೊತ್ತಿರುತ್ತದೆ, ಹಾಳೆಯಲ್ಲಿ ಯಾಕೆ ಬೇಕು ಅಂತ ಕೇಳಬಹುದು. ಹಾಗಾದರೆ ಸಿಗರೇಟು ಕ್ಯಾನ್ಸರಿಗೆ ಕಾರಣ ಅನ್ನೋದೂ ಡಾಕ್ಟರಿಗೆ ಗೊತ್ತಿದೆ, ಅದಕ್ಕೆ ಹಾಳೆಯಲ್ಲಿ ಎರಡು ಸಾಲು ಕೊಟ್ಟಿದ್ದಾರೆ.

ಕೊನೆಗೆ ನಾವು ಮಾಡಿದ್ದು ಇಷ್ಟು. ಐದೂ ಪ್ರತಿಫಲನಗಳ ಬಾಲದ ‘ಆ’ ಕತ್ತರಿಸಿದೆವು. ಒಂಬತ್ತು ಅಪಾಯಗಳ ಪಟ್ಟಿ ತೆಗೆದು ಆ ಜಾಗದಲ್ಲಿ ನೈಂಟಿಗೆ ಮೂರು, ಕ್ವಾರ್ಟರಿಗೆ ಆರು ಅನ್ನೋ ಲೆಕ್ಕ ಹಾಕಿದೆವು. ಎಲೆಯಡಿಕೆಯ ಪ್ರಶ್ನೆ ಮೇಲೆ ಬಂತು. ತಂಬಾಕಿಗೆ ಒಂದು ಬಾಣ, ಮದ್ಯಕ್ಕೆ ಇನ್ನೊಂದು ಬಾಣ ಮಾಡಿ, ಎರಡನೆಯದರ ದಾರಿಗೆ ಅಡ್ಡವಾಗಿ ಆ ಮೂರು ಪ್ರಶ್ನೆ ಇಟ್ಟೆವು. ‘ಇಲ್ಲ’ ಪೆಟ್ಟಿಗೆಯನ್ನು ಎಳೆದು ‘ಹೌದು’ ಪೆಟ್ಟಿಗೆಗಿಂತ ದೊಡ್ಡದು ಮಾಡಿದೆ. ಅದರಲ್ಲಿ ಈಗ ನಾಲ್ಕು ಸಾಲಿದೆ: ಅವನ ಮಾತನ್ನೇ ಪ್ರಶ್ನೆಯಿಲ್ಲದೆ ವಾಪಸ್ ಹೇಳಿ; ಸುಮ್ಮನಿರಿ; ಎಷ್ಟಾಣೆ ಮನಸ್ಸಿದೆ ಕೇಳಿ; ಅಷ್ಟಾದರೂ ಎಲ್ಲಿಂದ ಬಂತು ಕೇಳಿ. ತಂಬಾಕಿನವರಿಗೆ ಕೇಂದ್ರ ಸರ್ಕಾರದ ಉಚಿತ ಸಹಾಯವಾಣಿ 1800-11-2356 ಕೆಳಗೆ ಹಾಕಿದೆವು, ಮೂಲದಲ್ಲಿ ಅದೂ ಇರಲಿಲ್ಲ.

ತಿದ್ದಿದ ಹಾಳೆಯನ್ನು ಗೆಳೆಯ ತರಬೇತಿ ಕೊಟ್ಟವರಿಗೂ ಕಳಿಸಿದ್ದಾನೆ, ಉತ್ತರ ಬಂದಿಲ್ಲ. ಅವನ ಟೇಬಲ್ಲಿನ ಗಾಜಿನ ಕೆಳಗೆ ಮಾತ್ರ ಈಗ ನಮ್ಮದೇ ಇದೆ. ಹೋದ ತಿಂಗಳು ಚಿಕ್ಕಪ್ಪನನ್ನು ಬಿಪಿ ನೆಪ ಹೇಳಿ ಅಲ್ಲಿಗೆ ಕರೆದುಕೊಂಡು ಹೋಗಿದ್ದೆ. ನಾನು ಹೊರಗೆ ಕೂತಿದ್ದೆ. ಇಪ್ಪತ್ತು ನಿಮಿಷ ಆದ ಮೇಲೆ ಬಂದರು. ದಾರಿಯಲ್ಲಿ ಏನೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಊರ ಗೇಟಿನ ಹತ್ತಿರ ಬಂದಾಗ ಅವರೇ ಬಾಯಿ ಬಿಟ್ಟರು: “ಔಷಧಿ ಜೊತೆ ನಿಲ್ಲಿಸಿದ್ರೆ ಫಿಟ್ಸ್ ಬರದಂಗೆ ನೋಡ್ಕೋತಾರಂತೆ, ಹೌದೇನ್ಲಾ?”

ಹೌದು ಅಂದೆ. ಅದಕ್ಕಿಂತ ಹೆಚ್ಚು ಹೇಳಬೇಕು ಅನ್ನಿಸಿತ್ತು. ಹಾಳೆ ನೆನಪಾಗಿ ಸುಮ್ಮನಿದ್ದೆ.